ಹೆಂಡತಿ ಓದಲು ಜರ್ಮನಿಗೆ ಹೋಗಿದ್ದಾಳೆ, ಮಾತು ಕಮ್ಮಿಯಾಗಿದೆ

ಮೈಸೂರಿನವ: ನನ್ನ ಹೆಂಡತಿ ಎಂ.ಎಸ್. ಓದಲು ಅಕ್ಟೋಬರ್ ಮೊದಲ ವಾರ ಜರ್ಮನಿಗೆ ಹೋದಳು. ದಿನಾ ರಾತ್ರಿ ಒಂಬತ್ತೂವರೆಗೆ ಮಾತಾಡುತ್ತಿದ್ದೆವು. ನವೆಂಬರ್‌ನಿಂದ "ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಡುತ್ತಾಳೆ. ಅವಳು ಮಾಡುವ ಹೊತ್ತಿಗೆ ನನಗೆ ನಿದ್ದೆ. ಏನು ಮಾಡಲಿ?

ಕಾಫಿಪುಡಿ: ಒಂದು ಟೈಮ್ ಗಟ್ಟಿ ಮಾಡಿಕೊಳ್ಳಿ. ದಿನಾ ಹತ್ತು ನಿಮಿಷ, ಏನೇ ಆದರೂ ಬಿಡಬೇಡಿ. ಒಂದು ದಿನ ತಪ್ಪಿದರೆ ಮುಗೀತು.

ದಾರಿಹೋಕ: ನೀವೂ ಹೋಗಿಬಿಡಿ ಸರ್. ನನ್ನ ತಮ್ಮ 2022ರಲ್ಲಿ ಯುಕೆಗೆ ಹೆಂಡತಿಯನ್ನು ಕರೆದುಕೊಂಡೇ ಹೋದ.

ಆಖೆನ್‌ನಲ್ಲಿದ್ದವಳು: ಅವರು ಕೇಳಿದ್ದು ವೀಸಾ ಅಲ್ಲ. ಯುಕೆಯಲ್ಲೂ 2024ರ ಜನವರಿಯಿಂದ ಸಾಮಾನ್ಯ ಮಾಸ್ಟರ್ಸ್‌ಗೆ ಹೊಸದಾಗಿ ಸೇರುವವರು ಸಂಗಾತಿಯನ್ನು ಹಾಗೆ ಕರೆದೊಯ್ಯುವಂತಿಲ್ಲ.

ಮೈಸೂರಿನವರೇ, ಗಡಿಯಾರ ನೋಡಿದಿರಾ? ಅಕ್ಟೋಬರ್ ಕೊನೇ ಭಾನುವಾರ ಜರ್ಮನಿಯಲ್ಲಿ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಮೂರೂವರೆ ಗಂಟೆ ಇದ್ದ ಅಂತರ ನಾಲ್ಕೂವರೆ ಆಗುತ್ತದೆ. ನಿಮ್ಮ ಒಂಬತ್ತೂವರೆ ಅವರಿಗೆ ಮೊದಲು ಸಂಜೆ ಆರು, ಈಗ ಐದು. ಐದಕ್ಕೆ ನಾನಂತೂ ಲ್ಯಾಬ್‌ನಲ್ಲೇ ಇರುತ್ತಿದ್ದೆ. ಮಾರ್ಚ್ ಕೊನೇ ಭಾನುವಾರದವರೆಗೆ ಹೀಗೇ.

ನಾವು ಮಧ್ಯಾಹ್ನಕ್ಕೆ ಬದಲಾಯಿಸಿಕೊಂಡೆವು. ನಮ್ಮವರು ಹನ್ನೆರಡೂವರೆಗೆ ಊಟದ ಡಬ್ಬಿ ಬಿಚ್ಚಿ, ಫೋನನ್ನು ನೀರಿನ ಬಾಟಲಿಗೆ ಒರಗಿಸಿ ಇಡುತ್ತಿದ್ದರು. ನನಗೆ ಆಗ ಬೆಳಿಗ್ಗೆ ಎಂಟು, ಬ್ರೆಡ್ಡಿಗೆ ತುಪ್ಪ, ಚಟ್ನಿಪುಡಿ ಹಚ್ಚುತ್ತಿದ್ದೆ. ಮಾತು ಜಾಸ್ತಿ ಇರಲಿಲ್ಲ, ಸುಮ್ನೆ ಜೊತೆಗೆ ತಿನ್ನುತ್ತಿದ್ದೆವು.

ಇನ್ನೊಂದು. ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಪರೀಕ್ಷೆ ಶುರು. ಎಷ್ಟೋ ವಿಷಯಗಳಲ್ಲಿ ಪೂರ್ತಿ ಅಂಕ ಆ ಒಂದೇ ಪರೀಕ್ಷೆಗೆ. ಬಹಳ ಕಡೆ ಮೂರೇ ಸಲ ಬರೆಯಬಹುದು, ಮೂರನೆಯದರಲ್ಲೂ ಫೇಲ್ ಆದರೆ ಆ ಕೋರ್ಸೇ ಕೈತಪ್ಪುತ್ತದೆ. ಜನವರಿಯಲ್ಲಿ ಮಾತು ಇನ್ನೂ ಕಮ್ಮಿಯಾದೀತು. ಪರೀಕ್ಷೆಯ ತಾರೀಖುಗಳನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಹುಬ್ಬಳ್ಳಿ ಅಕ್ಕ: ನಮ್ಮದು ನಾಲ್ಕು ಕಿಲೋಮೀಟರ್ ಅಂತರ ಅಷ್ಟೇ! ನಮ್ಮವರು ಎಂ.ಡಿ. ಮಾಡುತ್ತಿದ್ದಾರೆ. ರಾತ್ರಿ ಡ್ಯೂಟಿ ಮುಗಿಸಿ ಬಂದರೆ ಶೂ ಕೂಡ ಬಿಚ್ಚದೆ ಮಲಗುತ್ತಾರೆ. ದಿನಾ ಫೋನ್ ಮಾಡಲೇಬೇಕು ಅಂತ ನಾನೂ ಹಟ ಹಿಡಿದಿದ್ದೆ, ಅದು ಹಾಜರಿ ಹಾಕಿದ ಹಾಗಾಯಿತು. ಈಗ ವಾಯ್ಸ್ ಮೆಸೇಜ್ ಕಳಿಸುತ್ತೇನೆ. ಅದರಲ್ಲಿ ಪ್ರಶ್ನೆ ಇರಬಾರದು, ಇದ್ದರೆ ಉತ್ತರದ ಸಾಲ ಹೊರಿಸಿದ ಹಾಗೆ.

ಕಾಫಿಪುಡಿ: ಅಕ್ಕಾ, ವಾಯ್ಸ್ ಮೆಸೇಜಿನಲ್ಲಿ ಜಗಳ ಆಡೋಕಾಗುತ್ತಾ? ಗಂಡ ಹೆಂಡತಿಗೆ ಅದೂ ಬೇಕಲ್ವಾ?

ಹುಬ್ಬಳ್ಳಿ ಅಕ್ಕ: ಅದಕ್ಕೆ ಅವರ ವಾರದ ರಜೆ ಇದೆಯಲ್ಲಪ್ಪ. ಆ ದಿನವೂ ಡ್ಯೂಟಿ ಬಿದ್ದರೆ ಜಗಳ ಮುಂದಕ್ಕೆ.

ಮೈಸೂರಿನವ: ಅವಳ ಟೈಮ್‌ಟೇಬಲ್ ತರಿಸಿಕೊಂಡೆ. ಮಂಗಳವಾರ, ಗುರುವಾರ ಐದೂಮುಕ್ಕಾಲಿನವರೆಗೆ ಕ್ಲಾಸ್. ನಾನು ಸರಿಯಾಗಿ ಅದರ ಮಧ್ಯೆಯೇ ಫೋನ್ ಮಾಡುತ್ತಿದ್ದೆ. ನಾಳೆಯಿಂದ ಹನ್ನೆರಡೂವರೆ. ಆದರೆ ಉಳಿದ ಮೂರು ದಿನ ಐದಕ್ಕೆ ಅವಳು ಫ್ರೀ. ಅವತ್ತೂ ಯಾಕೆ ಇಡುತ್ತಾಳೆ ಅಂತ ಇನ್ನೂ ಕೇಳಿಲ್ಲ.