ಪದಚರ್ಚೆ: ‘ಮಳೆ ದಿನ’ ಮತ್ತು ‘ಜಡಿಮಳೆ’ಯ ಬಳಕೆ

ವಸುಧಾ:
ಎಲ್ಲರಿಗೂ ನಮಸ್ಕಾರ. ಮುಂಗಾರಿನ ಮಳೆ ದಾಖಲೆಗಳ ಬಗ್ಗೆ ಒಂದು ಲೇಖನ ತಿದ್ದುತ್ತಿದ್ದೇನೆ. ಅದರಲ್ಲಿ ‘ಮಳೆ ದಿನಗಳು ಕಡಿಮೆಯಾಗಿವೆ, ಜಡಿಮಳೆ ಹೆಚ್ಚಾಗಿದೆ’ ಎಂಬ ವಾಕ್ಯವಿದೆ. ಓದಿದ ಒಬ್ಬರು ಮಳೆಗಾಲವೇ ಚಿಕ್ಕದಾಗಿದೆ ಅಂದುಕೊಂಡರು. ಇನ್ನೊಬ್ಬರು ಒಟ್ಟು ಮಳೆ ಜಾಸ್ತಿಯಾಗಿದೆ ಅಂದುಕೊಂಡರು. ಲೇಖಕರು ಹೇಳಹೊರಟಿದ್ದು ಇವೆರಡೂ ಅಲ್ಲ, ಒಟ್ಟು ಮಳೆ ಅಷ್ಟೇ ಇದ್ದು ಕಡಿಮೆ ದಿನಗಳಲ್ಲಿ ಜೋರಾಗಿ ಬೀಳುತ್ತಿದೆ ಎಂದು. ‘ಮಳೆ ದಿನ’ ಎಂಬುದಕ್ಕೆ ಗೊತ್ತಾದ ಅರ್ಥ ಇದೆಯಾ? ‘ಜಡಿಮಳೆ’ ಇಲ್ಲಿ ಸರಿಯಾ?

ಮಂಜುನಾಥ:
ವಸುಧಾ ಅವರೇ, ಜಡಿಮಳೆ ಅಂದರೆ ಜೋರು ಮಳೆ, ಎಲ್ಲರಿಗೂ ಗೊತ್ತು. ಬೇಡವೆಂದರೆ ‘ಮೇಘಸ್ಫೋಟ’ ಅಂತ ಹಾಕಿ. ಈಗ ಪೇಪರಿನಲ್ಲಿ ಎಲ್ಲ ಕಡೆ ಅದೇ ಬರುತ್ತೆ.

ಶ್ರೀಧರ:
ಮಂಜುನಾಥ್, ‘ಜೋರು’ ಎಂಬ ಅರ್ಥದಲ್ಲೂ ಜನ ಹೇಳುತ್ತಾರೆ, ನಿಜ. ಆದರೆ ಜಡಿಮಳೆಯ ಜೀವ ಇರುವುದು ಬಿಡದೆ ಹಿಡಿಯುವುದರಲ್ಲಿ. ‘ಮೂರು ದಿನದಿಂದ ಜಡಿಮಳೆ ಹಿಡಿದಿದೆ’ ಅನ್ನುತ್ತೇವೆ ಅಲ್ವಾ? ಹಾಗೆ ಹಿಡಿದು ಕೂರುವ ಮಳೆಯೇ ಈಗ ಕಡಿಮೆಯಾಗುತ್ತಿದೆ. ಅದು ಹೆಚ್ಚಿದೆ ಅಂತ ಬರೆದರೆ ಅರ್ಥವೇ ಉಲ್ಟಾ ಆಗುತ್ತದೆ. ಮೇಘಸ್ಫೋಟವೂ ಬೇಡ. ಅದು ಒಂದು ಗಂಟೆಯಲ್ಲಿ ಸುಮಾರು 100 ಮಿ.ಮೀ. ಸುರಿದಾಗ ಹೇಳುವ ಮಾತು. ದಿನಕ್ಕೊಮ್ಮೆ ಅಳೆದ ದಾಖಲೆಯಲ್ಲಿ ಆ ಒಂದು ಗಂಟೆ ಕಾಣುವುದೇ ಇಲ್ಲ.

ಇನ್ನು ‘ಮಳೆ ದಿನ’. ಹವಾಮಾನ ಇಲಾಖೆ ಬೆಳಿಗ್ಗೆ 8:30ಕ್ಕೆ ಮಳೆಮಾಪಕ ನೋಡಿ, ಹಿಂದಿನ 24 ಗಂಟೆಯ ಮಳೆ ಬರೆದುಕೊಳ್ಳುತ್ತದೆ. 2.5 ಮಿ.ಮೀ. ಅಥವಾ ಜಾಸ್ತಿ ಬಿದ್ದಿದ್ದರೆ ಅದು ಮಳೆ ದಿನ. ಹನಿ ಬಿದ್ದು ನೆಲ ಒದ್ದೆಯಾದರೂ ಅಷ್ಟು ಬೀಳದಿದ್ದರೆ ಲೆಕ್ಕಕ್ಕಿಲ್ಲ. ಮೇಲಕ್ಕೆ ಮಾತ್ರ ಮಿತಿಯಿಲ್ಲ. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಸುರಿಯಿತು. ಎಣಿಕೆಯಲ್ಲಿ ಅದೂ ಒಂದೇ ಮಳೆ ದಿನ, 3 ಮಿ.ಮೀ. ಬಿದ್ದದ್ದೂ ಒಂದೇ ಮಳೆ ದಿನ.

ಈಗ ಒಂದು ಲೆಕ್ಕ ಹಾಕಿ ನೋಡಿ. ಒಂದು ತಿಂಗಳಲ್ಲಿ 20 ದಿನ ದಿನಕ್ಕೆ 15 ಮಿ.ಮೀ. ಬಿದ್ದರೆ ಒಟ್ಟು 300. ಇನ್ನೊಂದು ತಿಂಗಳಲ್ಲಿ 2 ದಿನ ತಲಾ 100, ಮತ್ತೆ 10 ದಿನ ತಲಾ 10 ಬಿದ್ದರೂ ಒಟ್ಟು 300. ಮಳೆ ದಿನ 20ರಿಂದ 12ಕ್ಕೆ ಇಳಿಯಿತು, ಭಾರಿ ಮಳೆಯ ದಿನ ಸೊನ್ನೆಯಿಂದ ಎರಡಾಯಿತು, ಒಟ್ಟು ಕದಲಲೇ ಇಲ್ಲ. ಮಧ್ಯ ಭಾರತದ 1951ರಿಂದ 2000ದವರೆಗಿನ ದಾಖಲೆ ನೋಡಿ ಹವಾಮಾನ ವಿಜ್ಞಾನಿ ಗೋಸ್ವಾಮಿ ಮತ್ತು ಜೊತೆಗಾರರು 2006ರಲ್ಲಿ ತೋರಿಸಿದ್ದೂ ಈ ಥರದ್ದೇ. ದಿನಕ್ಕೆ 100 ಮಿ.ಮೀ. ದಾಟುವ ಮಳೆ ಹೆಚ್ಚಿತ್ತು, ಸಾಧಾರಣ ಮಳೆ ಇಳಿದಿತ್ತು, ಹಾಗಾಗಿ ಸರಾಸರಿಯಲ್ಲಿ ದೊಡ್ಡ ಬದಲಾವಣೆ ಕಾಣಲಿಲ್ಲ.

ಲಲಿತಾ:
ಮಳೆ ತಡವಾಗಿ ಶುರುವಾಗುವುದಕ್ಕೆ ಒಳ್ಳೆಯ ಪದ ಕೇಳುತ್ತಿದ್ದೀರಾ? ನಮ್ಮಲ್ಲಿ ಮಳೆ ‘ಹಿಂದಾಯಿತು’ ಅನ್ನುತ್ತೇವೆ. ಇನ್ನೊಂದು ಮಾತು. ನಮ್ಮ ತೋಟದ ಬಾವಿ ಈಗೀಗ ಮೊದಲಿನಷ್ಟು ಏರುವುದಿಲ್ಲ. ಮಳೆಯ ಲೆಕ್ಕ ಕೇಳಿದರೆ ‘ವಾಡಿಕೆಯಷ್ಟು’ ಅನ್ನುತ್ತಾರೆ. ಸುಮ್ನೆ ಹೇಳುತ್ತಾರೇನೋ ಅನ್ನಿಸುತ್ತೆ.

ಶ್ರೀಧರ:
ಲಲಿತಕ್ಕ, ಶುರುವಾಗುವ ಹೊತ್ತಿನ ವಿಷಯ ಬೇರೆ. ಆದರೆ ಬಾವಿಯ ಮಾತು ಇಲ್ಲಿಗೇ ಸೇರಿದ್ದು. ನೆಲ ಕುಡಿಯುವುದಕ್ಕಿಂತ ಬೇಗ ಮಳೆ ಸುರಿದರೆ ಉಳಿದದ್ದು ಹಳ್ಳ ಸೇರುತ್ತದೆ. ಹಾಗಾಗಿ ‘ವಾಡಿಕೆಯಷ್ಟು’ ಅನ್ನುವುದು ಸುಳ್ಳಾಗಿರಬೇಕಿಲ್ಲ. ಬಾವಿ ಇಳಿಯಲು ಸುತ್ತಲಿನ ಬೋರ್‌ವೆಲ್‌ಗಳೂ ಕಾರಣ ಇರಬಹುದು. ಮಳೆಯೊಂದರ ಮೇಲೇ ಹೊರಿಸಲು ಆಗದು.

ವಸುಧಾ:
ತುಂಬಾ ಉಪಕಾರ. ಆದರೆ ಬಿಸಿ ಹೆಚ್ಚಿದರೆ ಆವಿಯೂ ಹೆಚ್ಚುತ್ತದೆ. ಹಾಗಿದ್ದೂ ಮಳೆ ದಿನ ಯಾಕೆ ಇಳಿಯಬೇಕು? ಓದುವವರು ಇದನ್ನು ಕೇಳಿಯೇ ಕೇಳುತ್ತಾರೆ.

ಶ್ರೀಧರ:
ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಜಾಸ್ತಿ ಆವಿ ಹಿಡಿಯಬಲ್ಲದು. ಮೋಡ ಕಟ್ಟಿದಾಗ ಅದು ಒಮ್ಮೆಗೇ ಇಳಿಯುತ್ತದೆ. ಒಟ್ಟು ಮಳೆ ಅದೇ ವೇಗದಲ್ಲಿ ಹೆಚ್ಚುವುದಿಲ್ಲ. ಒಂದೇ ಸಲ ಜಾಸ್ತಿ ಖರ್ಚಾದರೆ ಉಳಿದ ದಿನಗಳ ಪಾಲು ಕಡಿಮೆಯಾಗಬೇಕಲ್ಲ. ಆದರೆ ‘ಎಲ್ಲ ಊರಲ್ಲೂ ಹೀಗೇ’ ಎಂದು ಬರೆಯಬೇಡಿ. ಭಾರಿ ಮಳೆ ಅಪರೂಪದ್ದು, ಒಂದೇ ಮಾಪಕದ ಕೆಲವು ವರ್ಷದ ದಾಖಲೆಯಿಂದ ಏರಿಳಿತ ಹೇಳುವುದು ಕಷ್ಟ. ಹತ್ತಾರು ಮಾಪಕ, ಹತ್ತಾರು ವರ್ಷ ಬೇಕು.

ಮಂಜುನಾಥ:
ಹಾಗಾದರೆ ನನ್ನದೂ ಒಂದು ಲೆಕ್ಕದ ಪ್ರಶ್ನೆ. ರಾತ್ರಿ ಶುರುವಾದ ಮಳೆ ಬೆಳಿಗ್ಗೆ ಹತ್ತರವರೆಗೆ ಸುರಿದರೆ 8:30ರ ಗೆರೆಯಲ್ಲಿ ಎರಡು ತುಂಡಾಯಿತಲ್ಲ?

ಶ್ರೀಧರ:
ಆಗುತ್ತದೆ. ಒಂದೇ ಭಾರಿ ಮಳೆ ಎರಡು ಸಾಧಾರಣ ಮಳೆ ದಿನಗಳಾಗಿ ದಾಖಲಾಗಬಹುದು. ಇದು ಹಿಂದೆಯೂ ಇತ್ತು, ಈಗಲೂ ಇದೆ. ಹಾಗಾಗಿ ಭಾರಿ ಮಳೆಯ ಏರಿಕೆಗೆ ಇದೇ ಕಾರಣ ಅನ್ನಲಾಗದು.

ವಸುಧಾ:
ಸದ್ಯಕ್ಕೆ ಹೀಗೆ ಬದಲಿಸಿದ್ದೇನೆ: ‘ಒಟ್ಟು ಮಳೆ ಹೆಚ್ಚುಕಮ್ಮಿ ಅಷ್ಟೇ ಇದ್ದರೂ ಮಳೆ ಬೀಳುವ ದಿನಗಳು ಕಡಿಮೆಯಾಗಿವೆ, ಬಿದ್ದ ದಿನ ಭಾರಿಯಾಗಿ ಬೀಳುವುದು ಹೆಚ್ಚಾಗಿದೆ.’

ಶ್ರೀಧರ:
ವಾಕ್ಯ ಚೆನ್ನಾಗಿದೆ. ‘ಭಾರಿ’ಯ ಬಗ್ಗೆ ಮಾತ್ರ ನನಗಿನ್ನೂ ಅನುಮಾನ. ಇಲಾಖೆಯ ‘ಭಾರಿ ಮಳೆ’ 64.5 ಮಿ.ಮೀ.ಗೇ ಶುರು, ಗೋಸ್ವಾಮಿಯವರ ಅಧ್ಯಯನದ್ದು 100ಕ್ಕೆ. ಎರಡಕ್ಕೂ ಒಂದೇ ಪದ ಸಾಕಾ, ಇಲ್ಲ ಅಳತೆಯನ್ನೂ ಬರೆಯಬೇಕಾ? ಉಳಿದವರೂ ಹೇಳಿ.