ಮಲೆನಾಡಿನ ಮಳೆಗೆ ಯಾವ ಬೈಂಡ್? ಖಾಕಿ ಕಾಗದ ಸಾಕಾ, ಮೇಲೆ ಪ್ಲಾಸ್ಟಿಕ್ ಬೇಕಾ?

ಸಾಗರದ ಅಮ್ಮ: ಮಗ ಐದನೇ ಕ್ಲಾಸ್. ಹೋದ ವರ್ಷ ಎಲ್ಲ ಪುಸ್ತಕಕ್ಕೂ ಖಾಕಿ ಬೈಂಡ್ ಹಾಕಿ, ಮೇಲೆ ಪ್ಲಾಸ್ಟಿಕ್ ಹಾಕಿದ್ದೆ. ಆಗಸ್ಟ್ ಹೊತ್ತಿಗೆ ಒಳಗೆಲ್ಲ ಬೂಷ್ಟು. ಗಣಿತ ಪುಸ್ತಕದ ಬೆನ್ನು ಬಿಟ್ಟುಕೊಂಡಿತು, ನೋಟ್‌ಬುಕ್ಕಿನ ನಡುವಿನ ಹಾಳೆಗಳು ಕಿತ್ತು ಬಂದವು. ಈ ವರ್ಷ ಪ್ಲಾಸ್ಟಿಕ್ ಹಾಕಲಾ, ಬಿಡಲಾ?

ಇಬ್ಬರು ಮಕ್ಕಳ ಅಪ್ಪ, ಬೆಂಗಳೂರು: ಬಿಡಬೇಡಿ. ಆದರೆ ಸಡಿಲ ಪ್ಲಾಸ್ಟಿಕ್ ಬೇಡ. ಅಂಟು ಇರುವ ಶೀಟ್ ರೋಲ್‌ನಲ್ಲಿ ಸಿಗುತ್ತದೆ. ಹಿಂದಿನ ಕಾಗದ ಬಿಡಿಸಿ ನೇರವಾಗಿ ಮುಖಪುಟಕ್ಕೇ ಅಂಟಿಸಿ, ಗಾಳಿಗುಳ್ಳೆ ಬರದ ಹಾಗೆ ಸ್ಕೇಲಿನಿಂದ ಒತ್ತಿ. ನೀರು ಒಳಗೆ ಹೋಗುವುದೇ ಇಲ್ಲ. ನಮ್ಮ ಮನೆಯಲ್ಲಿ ಇದೇ ನಡೆಯುತ್ತಿದೆ.

ಬೈಂಡಿಂಗ್ ಕೆಲಸದವನು, ದಾವಣಗೆರೆ: ಮುಖಪುಟ ನೆನೆಯುವುದಿಲ್ಲ, ಅಷ್ಟು ನಿಜ ಸರ್. ಆದರೆ ಪುಸ್ತಕಕ್ಕೆ ನೀರು ಬರುವುದು ಹೆಚ್ಚಾಗಿ ಹಾಳೆಗಳ ಅಂಚಿನಿಂದ. ಬ್ಯಾಗಿನ ತಳದಲ್ಲಿ ಇಳಿದ ನೀರು, ಮುಚ್ಚಳ ಸಡಿಲಾದ ಬಾಟಲಿ, ಪಕ್ಕಕ್ಕೆ ತುರುಕಿದ ಒದ್ದೆ ಕೊಡೆ. ಅಂಚಿಗೆ ಯಾವ ಬೈಂಡೂ ಇಲ್ಲವಲ್ಲ. ಅಲ್ಲಿಂದ ಹೀರಿದ ಪಸೆ ಖಾಕಿ ಕಾಗದಕ್ಕೂ ಹತ್ತುತ್ತದೆ. ಮೇಲೆ ಪ್ಲಾಸ್ಟಿಕ್ ಇದ್ದರೆ ಅದು ಆರುವುದಿಲ್ಲ, ಬೂಷ್ಟು ಬರುವುದು ಹಾಗೆ. ಅಕ್ಕ, ಒಮ್ಮೆ ಒಂದು ಪುಸ್ತಕದ ಪ್ಲಾಸ್ಟಿಕ್ ಸರಿಸಿ ನೋಡಿ. ಅಂಚಿನ ಹತ್ತಿರ ಖಾಕಿ ಬಣ್ಣ ಗಾಢವಾಗಿ, ಮುಟ್ಟಿದರೆ ತಣ್ಣಗಿದ್ದರೆ ಪಸೆ ಇನ್ನೂ ಇದೆ ಅಂತ ತಿಳಿಯಿರಿ.

ಬೆನ್ನು ಬಿಟ್ಟಿದ್ದು, ಹಾಳೆ ಕಿತ್ತಿದ್ದು ಮಾತ್ರ ಬರೀ ಮಳೆಯಿಂದ ಅಂತ ನನಗೆ ಅನ್ನಿಸುವುದಿಲ್ಲ. ಬೈಂಡ್ ಹಾಕುವಾಗ ಪುಸ್ತಕ ಬಿಚ್ಚಿಟ್ಟು ಮಡಿಸಿದಿರಾ, ಮುಚ್ಚಿಟ್ಟು ಮಡಿಸಿದಿರಾ?

ಸಾಗರದ ಅಮ್ಮ: ಬಿಚ್ಚಿಟ್ಟೇ ಅಣ್ಣ. ಎಲ್ಲರೂ ಹಾಗೇ ಅಲ್ವಾ ಮಾಡೋದು? ಕಾಗದದ ಮೇಲೆ ಅಗಲವಾಗಿ ಬಿಚ್ಚಿಟ್ಟು, ಎರಡೂ ಕಡೆ ಬಿಗಿಯಾಗಿ ಎಳೆದು ಒಳಗೆ ಮಡಿಸುತ್ತೇನೆ.

ಕಲಬುರಗಿ ಟೀಚರ್: ನಮ್ಮ ಕಡೆ ಬೂಷ್ಟಿನ ಕಾಟ ಇಲ್ಲ, ಬಿಸಿಲಿನದ್ದೇ. ಸೆಲ್ಲೋಟೇಪಿನ ಅಂಟು ಬೆವರಿದ ಹಾಗೆ ಹೊರಗೆ ಬಂದು ಪುಸ್ತಕಗಳು ಒಂದಕ್ಕೊಂದು ಹತ್ತಿಕೊಳ್ಳುತ್ತವೆ. ಪ್ಲಾಸ್ಟಿಕ್ ಇದ್ದರೆ ಇನ್ನೊಂದು ತೊಂದರೆ. 40 ನೋಟ್‌ಬುಕ್ ತಿದ್ದಲು ಅಟ್ಟಿ ಇಟ್ಟರೆ ಜಾರಿ ಬೀಳುತ್ತವೆ. ಹೆಸರಿನ ಚೀಟಿಯನ್ನು ಪ್ಲಾಸ್ಟಿಕ್ ಮೇಲೆ ಅಂಟಿಸುತ್ತಾರೆ, ದಸರಾ ರಜೆಯ ಹೊತ್ತಿಗೆ ಅರ್ಧ ಚೀಟಿ ಇರುವುದೇ ಇಲ್ಲ. ಚೀಟಿ ಖಾಕಿ ಕಾಗದಕ್ಕೆ ಅಂಟಿಸಿ, ಬಾಲ್‌ಪೆನ್ನಿನಲ್ಲಿ ಬರೆಯಿರಿ. ಇಂಕ್ ಪೆನ್, ಸ್ಕೆಚ್ ಪೆನ್ ಬೇಡ, ಒಂದು ಹನಿ ಬಿದ್ದರೆ ಹರಡುತ್ತದೆ.

ಬೈಂಡಿಂಗ್ ಕೆಲಸದವನು: ಬಿಗಿಯಾಗಿ ಎಳೆಯುವುದೇ ತೊಂದರೆ ಅಕ್ಕ. ಪುಸ್ತಕ ಅಗಲಕ್ಕೆ ಬಿಚ್ಚಿದಾಗ ಕಾಗದ ಸಾಕಾಗಿರುತ್ತದೆ. ಮುಚ್ಚಿದಾಗ ಅದು ಬೆನ್ನನ್ನು ಸುತ್ತಿ ಬರಬೇಕು, ಅದಕ್ಕೆ ಜಾಸ್ತಿ ಕಾಗದ ಬೇಕು. ಅಷ್ಟು ಇಲ್ಲದಿದ್ದರೆ ಮುಖಪುಟವನ್ನೇ ಎಳೆಯುತ್ತದೆ. ಮಗ ಒಂದೊಂದು ಸಲ ಬಿಚ್ಚಿ ಮುಚ್ಚಿದಾಗಲೂ ಬೆನ್ನಿನ ಅಂಟು ಸಡಿಲವಾಗುತ್ತದೆ. ಬೈಂಡ್ ಹಾಕಿ ಮೇಜಿನ ಮೇಲಿಟ್ಟಾಗ ಮುಖಪುಟ ತಾನಾಗಿ ಏಳುತ್ತಿದ್ದರೆ ಬೈಂಡ್ ಬಿಗಿ ಅಂತಲೇ ಅರ್ಥ.

ಒಂದು ಪುಸ್ತಕದ ಲೆಕ್ಕ ಹೇಳುತ್ತೇನೆ. ಪುಸ್ತಕ 24 ಸೆಂ.ಮೀ. ಉದ್ದ, 18 ಅಗಲ, 1 ಸೆಂ.ಮೀ. ದಪ್ಪ ಅಂತಿಟ್ಟುಕೊಳ್ಳಿ. ಅಗಲಕ್ಕೆ ಎರಡು ಹದಿನೆಂಟು, ಬೆನ್ನಿಗೆ ಒಂದು, ಒಳಗೆ ಮಡಿಸಲು ಕಡೆಗೆ ಆರಾರು, ಒಟ್ಟು 49. ಉದ್ದಕ್ಕೆ 24ರ ಜೊತೆ ಮೇಲೆ ನಾಲ್ಕು, ಕೆಳಗೆ ನಾಲ್ಕು, 32. ಮೊದಲು ಕಾಗದದ ಮೇಲಿನ, ಕೆಳಗಿನ ಅಂಚನ್ನು ಪೂರ್ತಿ ಉದ್ದಕ್ಕೆ ಒಳಗೆ ಮಡಿಸಿಬಿಡಿ. ಬೆನ್ನಿನ ತುದಿಯಲ್ಲಿ ಕತ್ತರಿಸುವುದು ಬೇಡ. ಅಲ್ಲಿ ಎರಡು ಪದರ ಇದ್ದರೆ ಗಟ್ಟಿ, ಯಾಕೆಂದರೆ ಬ್ಯಾಗಿನಿಂದ ಎಳೆಯುವಾಗ ಮಕ್ಕಳ ಬೆರಳು ಬೀಳುವುದು ಅಲ್ಲೇ. ಆಮೇಲೆ ಒಂದು ಪಕ್ಕದ ಆರು ಸೆಂ.ಮೀ. ಒಳಗೆ ಮಡಿಸಿ, ಮುಂದಿನ ರಟ್ಟನ್ನು ಆ ಮಡಿಕೆಯ ಜೇಬಿಗೆ ತೂರಿಸಿ, ಪುಸ್ತಕ ಮುಚ್ಚಿ, ಕಾಗದವನ್ನು ಬೆನ್ನಿನ ಮೇಲಿಂದ ಸುತ್ತಿ ತಂದು, ಮುಚ್ಚಿದಂತೆಯೇ ಹಿಂದಿನ ಅಂಚಿನ ಗುರುತು ಮಾಡಿ. ಕೊನೆಗೆ ಆ ಗುರುತಿಗೆ ಮಡಿಸಿ ಹಿಂದಿನ ರಟ್ಟು ತೂರಿಸಿ. ಟೇಪ್ ಬೇಕೆನಿಸಿದರೆ ಕಾಗದಕ್ಕೆ ಕಾಗದ ಮಾತ್ರ ಅಂಟಿಸಿ, ಪುಸ್ತಕಕ್ಕೆ ಬೇಡ.

ಇಬ್ಬರು ಮಕ್ಕಳ ಅಪ್ಪ: ಇಷ್ಟೆಲ್ಲ ಮಾಡಿದ ಮೇಲೂ ಖಾಕಿ ಒಂದೇ ಇದ್ದರೆ ಜುಲೈ ಮಳೆಗೆ ಮೂಲೆ ಮೆತ್ತಗಾಗಿ ಹರಿಯುತ್ತದೆ. ಅದಕ್ಕೇನು ಹೇಳುತ್ತೀರಿ?

ಬೈಂಡಿಂಗ್ ಕೆಲಸದವನು: ಹರಿಯುತ್ತದೆ, ಒಪ್ಪುತ್ತೇನೆ. ಹರಿದರೆ ಹೊಸ ಕಾಗದ ಹಾಕಬಹುದು. ನೀವು ಹೇಳಿದ ಅಂಟು ಶೀಟ್ ತೆಗೆಯಲು ಹೋದರೆ ಮುಖಪುಟದ ಚಿತ್ರವೂ ಜೊತೆಗೇ ಬರುತ್ತದೆ. ಒಂದು ಕಡೆ ಮಾತ್ರ ಅಂಟಿಸುವುದರಿಂದ ತೆಳು ರಟ್ಟು ಸುರುಳಿಯೂ ಆಗುತ್ತದೆ. ಮುಂದಿನ ವರ್ಷ ತಮ್ಮನಿಗೋ ಪಕ್ಕದ ಮನೆ ಮಗುವಿಗೋ ಕೊಡುವ ಪುಸ್ತಕಕ್ಕೆ ಅದು ಬೇಡ.

ಮೈಸೂರು ಅಜ್ಜ: ನಾವು ಸಿಮೆಂಟ್ ಚೀಲದ ಒಳಗಿನ ಕಾಗದವನ್ನು ಕೊಡವಿ, ಒರೆಸಿ ಬೈಂಡ್ ಹಾಕುತ್ತಿದ್ದೆವು. ಹರಿಯುತ್ತಲೇ ಇರಲಿಲ್ಲ. ಹಳೇ ಕ್ಯಾಲೆಂಡರ್ ಹಾಳೆಯೂ ಚೆನ್ನ, ಬಿಳಿ ಬದಿ ಹೊರಗೆ ಬರಬೇಕು. ಅದಿರಲಿ, ಈಗ ಪ್ಲಾಸ್ಟಿಕ್ಕೇ ನಿಷೇಧ ಆಗಿದೆಯಲ್ಲಮ್ಮ, ಮತ್ತೆ ಚರ್ಚೆ ಯಾಕೆ?

ಕಲಬುರಗಿ ಟೀಚರ್: ಅಜ್ಜಾ, 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾದ ಪಟ್ಟಿಯಲ್ಲಿ ಲೋಟ, ತಟ್ಟೆ, ಚಮಚ, ಸ್ಟ್ರಾ ಇವೆ. ಪುಸ್ತಕದ ಕವರ್ ಅದರಲ್ಲಿಲ್ಲ. ಕೆಲವು ಶಾಲೆಗಳು ತಾವಾಗಿ ಬೇಡ ಅನ್ನುತ್ತವೆ, ಅದು ಬೇರೆ. ಸಿಮೆಂಟ್ ಚೀಲ ಮಾತ್ರ ಬೇಡ, ಎಷ್ಟು ಒರೆಸಿದರೂ ಧೂಳು ಉಳಿಯುತ್ತದೆ, ಮಕ್ಕಳ ಕೈಗೆ, ಕಣ್ಣಿಗೆ ಒಳ್ಳೆಯದಲ್ಲ.

ಸಾಗರದ ಅಮ್ಮ: ನೋಟ್‌ಬುಕ್ ವಿಷಯ ಯಾರೂ ಹೇಳಲಿಲ್ಲ. ಬೈಂಡ್ ಗಟ್ಟಿಯಾಗಿಯೇ ಇತ್ತು, ನಡುವಿನ ಹಾಳೆ ಹೋಯಿತು.

ಬೈಂಡಿಂಗ್ ಕೆಲಸದವನು: ಅಲ್ಲಿ ಪಿನ್ನಿನದೇ ತೊಂದರೆ. ನಿಮ್ಮ ಕಡೆ ಪಿನ್ ತುಕ್ಕು ಹಿಡಿದು ಸುತ್ತಲಿನ ಕಾಗದ ಕಂದಾಗಿ ಪುಡಿಯಾಗುತ್ತದೆ. ಹೊಸದರಲ್ಲೇ ನಡುವಿನ ಹಾಳೆ ಬಿಚ್ಚಿ, ಬೆನ್ನಿನ ಮಡಿಕೆಯಲ್ಲಿ ದಬ್ಬಣದಿಂದ ಮೂರು ತೂತು ಮಾಡಿ, ಒಂದು ನಡುವೆ, ಒಂದೊಂದು ಎರಡು ತುದಿಯ ಹತ್ತಿರ. ಗಟ್ಟಿ ಹತ್ತಿ ದಾರವನ್ನು ಒಳಗಿನಿಂದ ನಡುವಿನ ತೂತಿಗೆ ಹೊರಗೆ ತೆಗೆಯಿರಿ. ಮೇಲಿನ ತೂತಿನಿಂದ ಒಳಗೆ, ಅಲ್ಲಿಂದ ನಡುವಿನದನ್ನು ಬಿಟ್ಟು ಕೆಳಗಿನ ತೂತಿನಿಂದ ಹೊರಗೆ, ಮತ್ತೆ ನಡುವಿನ ತೂತಿನಿಂದ ಒಳಗೆ. ಈಗ ಒಳಗೆ ಒಂದು ಉದ್ದ ದಾರ ಹಾದುಹೋಗಿರುತ್ತದೆ. ದಾರದ ಎರಡು ತುದಿಗಳು ಅದರ ಆ ಕಡೆ ಈ ಕಡೆ ಬರುವಂತೆ ಇಟ್ಟು, ಅದನ್ನೂ ಸೇರಿಸಿ ಗಂಟು ಹಾಕಿ. ಪಿನ್ ಹೋದರೂ ಹಾಳೆ ನಿಲ್ಲುತ್ತದೆ. 200 ಪುಟದ ನೋಟ್‌ಬುಕ್‌ಗೆ ಮಾಡಿದರೆ ಸಾಕು, ತೆಳ್ಳಗಿನ ಡ್ರಾಯಿಂಗ್ ಬುಕ್‌ಗೆಲ್ಲ ಬೇಡ.

ಇಬ್ಬರು ಮಕ್ಕಳ ಅಪ್ಪ: ಹೊಲಿಗೆ ಚೆನ್ನಾಗಿದೆ, ಈ ಭಾನುವಾರ ಮಾಡಿ ನೋಡುತ್ತೇನೆ. ಪ್ಲಾಸ್ಟಿಕ್ ವಿಷಯದಲ್ಲಿ ಮಾತ್ರ ನನ್ನ ಮಾತು ಬದಲಿಸಲ್ಲ. ನಮ್ಮ ಮಕ್ಕಳು ಬಸ್ಸಿನಲ್ಲಿ ಹೋಗುತ್ತಾರೆ, ಬ್ಯಾಗ್ ಒದ್ದೆಯಾಗುವುದು ಕಡಿಮೆ. ಇಲ್ಲಿ ಅದು ನಡೆಯುತ್ತದೆ.

ಬೈಂಡಿಂಗ್ ಕೆಲಸದವನು: ಬೆಂಗಳೂರಿಗೆ ಇರಬಹುದು ಸರ್. ಸಾಗರದಲ್ಲಿ ನಡೆದು ಹೋಗುವ ಮಗುವಿಗೆ ನಾನು ಖಾಕಿ ಒಂದನ್ನೇ ಹಾಕುತ್ತೇನೆ. ಎಲ್ಲ ಪುಸ್ತಕವನ್ನೂ ಸೇರಿಸಿ ಒಂದೇ ದೊಡ್ಡ ಪ್ಲಾಸ್ಟಿಕ್ ಚೀಲದೊಳಗಿಟ್ಟು ಬ್ಯಾಗಿಗೆ ಹಾಕುತ್ತೇನೆ. ಅಂಚಿಗೂ ರಕ್ಷಣೆ ಆಯ್ತು. ಮನೆಗೆ ಬಂದ ಕೂಡಲೇ ಹೊರಗೆ ತೆಗೆದು ಗಾಳಿಗೆ ನಿಲ್ಲಿಸಬೇಕು.

ಸಾಗರದ ಅಮ್ಮ: ನಮ್ಮ ಶಾಲೆಯಲ್ಲಿ ಪ್ಲಾಸ್ಟಿಕ್ ಕವರ್ ಕಡ್ಡಾಯ ಅಂತ ಚೀಟಿ ಬಂದಿದೆ ಅಣ್ಣ. ಸೋಮವಾರ ಟೀಚರ್ ಹತ್ತಿರ ಈ ಚೀಲದ ವಿಷಯ ಕೇಳಿಕೊಂಡು ಬರುತ್ತೇನೆ. ಅವರು ಒಪ್ಪದಿದ್ದರೆ ಸಡಿಲ ಕವರನ್ನೇ ಹಾಕಿ, ರಾತ್ರಿ ಬಿಚ್ಚಿಡುವುದು.