ಕೊಂಡ ಬೆಲೆ ಮರಳಿ ಬರುವವರೆಗೆ ಕಾಯಬೇಕೇ? ನಷ್ಟದ ಷೇರು ಹಿಡಿದು ಕುಳಿತವರ ಅನುಭವಗಳು

ಪ್ರಶ್ನೆ, ತುಮಕೂರಿನ ಶಿಕ್ಷಕಿಯೊಬ್ಬರಿಂದ:
2021ರ ಕೊನೆಯಲ್ಲಿ ಒಂದು ರಾಸಾಯನಿಕ ಕಂಪನಿಯ 400 ಷೇರುಗಳನ್ನು ತಲಾ 480 ರೂಪಾಯಿಗೆ ಕೊಂಡೆ. ಈಗ ಬೆಲೆ 190ರ ಆಸುಪಾಸಿನಲ್ಲಿದೆ. ಲಾಭ ಬೇಡ, ಅಸಲು ಬಂದ ದಿನವೇ ಮಾರಿಬಿಡುತ್ತೇನೆ ಎಂದುಕೊಂಡು ನಾಲ್ಕು ವರ್ಷ ಕಳೆದಿದ್ದೇನೆ. ಹೀಗೆ ಕಾದವರಿಗೆ ಅಸಲು ಬಂದಿದೆಯೇ? ಇನ್ನೆಷ್ಟು ದಿನ ಕಾಯಬಹುದು?

ಮೈಸೂರಿನ ಲೆಕ್ಕಪರಿಶೋಧಕರು:
ಮೇಡಂ, 480 ಎಂಬ ಸಂಖ್ಯೆ ನಿಮ್ಮ ಖಾತೆಯಲ್ಲಿ ಮಾತ್ರ ಇದೆ. ಅದೇ ಷೇರನ್ನು 90ಕ್ಕೆ ಕೊಂಡವರೂ 600ಕ್ಕೆ ಕೊಂಡವರೂ ಇರುತ್ತಾರೆ. ಯಾರ ಬೆಲೆಗೆ ಮರಳಬೇಕೆಂಬ ಹಂಗು ಕಂಪನಿಗಿಲ್ಲ. 190ರಿಂದ 480ಕ್ಕೆ ಏರಲು ಷೇರು ಶೇಕಡಾ 152ರಷ್ಟು ಬೆಳೆಯಬೇಕು. ಬಿದ್ದದ್ದು ಶೇಕಡಾ 60, ಏಳಬೇಕಾದದ್ದು ಅದರ ಎರಡೂವರೆ ಪಟ್ಟು. ವರ್ಷಕ್ಕೆ ಶೇಕಡಾ 12ರಂತೆ ಒಮ್ಮೆಯೂ ಹಿಂಜರಿಯದೆ ಬೆಳೆದರೂ ಅದಕ್ಕೆ ಎಂಟು ವರ್ಷ ಹಿಡಿಯುತ್ತದೆ.

ಅಷ್ಟು ಕಾದ ಮೇಲೆ ಕೈಗೆ ಬರುವುದು ಅಸಲೂ ಅಲ್ಲ. ನೀವು ಹಾಕಿದ 1,92,000 ರೂಪಾಯಿಯನ್ನು ಶೇಕಡಾ 7ರ ಬ್ಯಾಂಕ್ ಠೇವಣಿಯಲ್ಲಿ ಇಟ್ಟಿದ್ದರೆ ಈ ನಾಲ್ಕು ವರ್ಷಗಳಲ್ಲೇ ಅದು ಸುಮಾರು 2,51,000 ಆಗಿರುತ್ತಿತ್ತು. ಅಂದರೆ ಇಂದೇ ಷೇರು ಪವಾಡದಂತೆ 480ಕ್ಕೆ ಹಾರಿದರೂ ಠೇವಣಿ ಇಟ್ಟವರಿಗಿಂತ ನೀವು ಹಿಂದೆಯೇ ಇರುತ್ತೀರಿ. ಅವರಿಗೆ ಸಮನಾಗಬೇಕಾದರೆ ಬೆಲೆ 629 ಆಗಬೇಕು. ನಡುವೆ ಬಂದ ಡಿವಿಡೆಂಡನ್ನು ಕಳೆದರೂ ಈ ಚಿತ್ರ ಹೆಚ್ಚೇನೂ ಬದಲಾಗದು.

ಮಸ್ಕತ್‌ನಲ್ಲಿರುವ ಎಂಜಿನಿಯರ್:
ಕಣ್ಣು ತೆರೆಸುವ ಲೆಕ್ಕ, ಸರ್. ನನ್ನದೂ ಇದೇ ಕಥೆ. ಹಾಗಾದರೆ ಸರಿಯಾದ ಗುರಿ 480 ಅಲ್ಲ, 629 ಎಂದಾಯಿತು. ಆ ಬೆಲೆಗೆ ಮಾರಾಟದ ಆದೇಶ ಹಾಕಿಟ್ಟು ಕಾಯುವುದು ಒಳ್ಳೆಯದಲ್ಲವೇ?

ಮೈಸೂರಿನ ಲೆಕ್ಕಪರಿಶೋಧಕರು:
ನಾನು ಹೇಳಿದ್ದು ಅದಕ್ಕೆ ತದ್ವಿರುದ್ಧ. 480 ಹೇಗೆ ಕಳೆದುಹೋದ ಲೆಕ್ಕವೋ 629 ಕೂಡ ಹಾಗೆಯೇ. ಮೇಡಂ ಅವರ ಕೈಯಲ್ಲಿ ಇಂದು ಇರುವುದು 76,000 ರೂಪಾಯಿ. ಆ ಹಣವನ್ನು ಈ ಕಂಪನಿಯಲ್ಲಿ ಬಿಡಬೇಕೇ, ಬೇರೆಡೆ ಇಡಬೇಕೇ ಎಂಬುದಷ್ಟೇ ತೀರ್ಮಾನಿಸಬೇಕಾದ ವಿಷಯ. ನಾನು ಸಂಖ್ಯೆಗಳನ್ನು ಕೊಟ್ಟದ್ದು ಹಳೆಯ ಗುರಿಯನ್ನು ಕೆಡವಲು. ಹೊಸ ಗುರಿಯನ್ನು ನೆಡುವ ಉದ್ದೇಶ ನನಗಿರಲಿಲ್ಲ.

ಹುಬ್ಬಳ್ಳಿಯ ಹಾರ್ಡ್‌ವೇರ್ ವ್ಯಾಪಾರಿ:
ಇಷ್ಟೆಲ್ಲ ಲೆಕ್ಕ ಏಕೆ? ಮಾರುವವರೆಗೆ ಅದು ನಷ್ಟವೇ ಅಲ್ಲ, ಕಾಗದದ ಮೇಲಿನ ಅಂಕಿ ಅಷ್ಟೇ. 2020ರ ಮಾರ್ಚ್‌ನಲ್ಲಿ ನನ್ನ ನಿಫ್ಟಿ ಇಟಿಎಫ್ ಕುಸಿದಾಗ ಇನ್ನಷ್ಟು ಕೊಂಡು ಆವರೇಜ್ ಮಾಡಿದೆ. ಆ ವರ್ಷ ಮುಗಿಯುವ ಮೊದಲೇ ಲಾಭಕ್ಕೆ ಬಂದೆ. ಮೇಡಂ ಅವರು 190ಕ್ಕೆ ಇನ್ನೂ 400 ಷೇರು ತೆಗೆದುಕೊಂಡರೆ ಸರಾಸರಿ 335ಕ್ಕೆ ಇಳಿಯುತ್ತದೆ. 480ರ ದಾರಿ ಕಾಯುವ ಬದಲು 335ರ ದಾರಿ ಕಾದರೆ ಸಾಕು.

ಮೈಸೂರಿನ ಲೆಕ್ಕಪರಿಶೋಧಕರು:
ನಿಮ್ಮ ಅನುಭವ ನಿಜ, ಆದರೆ ನೀವು ಕೊಂಡದ್ದು 50 ಕಂಪನಿಗಳ ಸೂಚ್ಯಂಕ. ಅದರಲ್ಲಿ ಸೋತ ಕಂಪನಿಯನ್ನು ತೆಗೆದು ಬೇರೊಂದನ್ನು ಸೇರಿಸುವ ಕೆಲಸವನ್ನು ಸೂಚ್ಯಂಕದವರೇ ಮಾಡುತ್ತಾರೆ. ಒಂಟಿ ಕಂಪನಿಗೆ ಆ ಅನುಕೂಲವಿಲ್ಲ.

335ರ ಲೆಕ್ಕವನ್ನೂ ಬಿಡಿಸಿ ನೋಡೋಣ. ಬೆಲೆ ಅಲ್ಲಿಗೆ ತಲುಪಿದ ದಿನ ಹೊಸ 400 ಷೇರುಗಳಲ್ಲಿ 58,000 ಲಾಭ, ಹಳೆಯ 400ರಲ್ಲಿ ಇನ್ನೂ 58,000 ನಷ್ಟ. ಹೊಸ ಹಣ ದುಡಿದದ್ದು ಹಳೆಯ ಗುಂಡಿಗೆ ಮಣ್ಣಾಯಿತು, ಪರದೆಯ ಮೇಲೆ ಸೊನ್ನೆ ಕಂಡಿತು, ಅಷ್ಟೇ. 190ಕ್ಕೆ ಆ ಕಂಪನಿ ನಿಜವಾಗಿ ಅಗ್ಗವಾಗಿದ್ದರೆ ಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಹಳೆಯ ಷೇರು ಒಂದೂ ಇಲ್ಲದವರು ಕೂಡ ಕೊಳ್ಳುತ್ತಿದ್ದರೇ ಎಂದು ಕೇಳಿಕೊಂಡು ಕೊಳ್ಳಬೇಕು. ಸರಾಸರಿ ಇಳಿಸುವುದಕ್ಕಾಗಿ ಮತ್ತೆ 76,000 ರೂಪಾಯಿ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ದಾವಣಗೆರೆಯ ಗೃಹಿಣಿ:
ನಮ್ಮ ಮನೆಯಲ್ಲಿ ಅಸಲು ಬಂದಿತ್ತು, ಅದನ್ನೂ ಹೇಳುತ್ತೇನೆ. 2008ರ ಜನವರಿಯಲ್ಲಿ, ಮಾರುಕಟ್ಟೆ ಕುಸಿಯುವುದಕ್ಕೆ ಕೆಲವೇ ದಿನ ಮೊದಲು, ನಮ್ಮ ಯಜಮಾನರು ಒಂದು ಕಂಪನಿಯ ಷೇರನ್ನು 310ಕ್ಕೆ ಕೊಂಡಿದ್ದರು. ಆಮೇಲೆ ಅದು ನೂರರ ಒಳಗೆ ಬಿತ್ತು. ಒಂಬತ್ತು ವರ್ಷ ಪ್ರತಿದಿನ ಸಂಜೆ ಆ ಒಂದೇ ಷೇರಿನ ಬೆಲೆ ನೋಡುತ್ತಿದ್ದರು. ಮಗಳ ಕಾಲೇಜು ಶುಲ್ಕಕ್ಕೆ ನನ್ನ ಚಿನ್ನವನ್ನು ಅಡವಿಟ್ಟರೇ ಹೊರತು ಅದನ್ನು ಮಾತ್ರ ಮಾರಲಿಲ್ಲ. 2017ರಲ್ಲಿ 310 ಮುಟ್ಟಿತು. ಅಂದೇ ಮಾರಿ ಸಿಹಿ ತಂದರು. ಮುಂದಿನ ನಾಲ್ಕು ವರ್ಷಗಳಲ್ಲಿ ಅದೇ ಷೇರು ದುಪ್ಪಟ್ಟಾಯಿತು. ಕಂಪನಿ ಸಾಲ ತೀರಿಸಿ ಸುಧಾರಿಸಿಕೊಂಡಿದ್ದರಿಂದಲೇ 310 ಬಂದಿದೆ ಎಂಬುದು ಅವರಿಗೆ ಆಗ ಹೊಳೆಯಲೇ ಇಲ್ಲ. ಅಡವಿಟ್ಟ ಚಿನ್ನದ ಬಡ್ಡಿಯ ಲೆಕ್ಕವನ್ನು ನಾನು ಈಗಲೂ ಅವರಿಗೆ ಹೇಳಿಲ್ಲ.

ಮೈಸೂರಿನ ಲೆಕ್ಕಪರಿಶೋಧಕರು:
ದಾವಣಗೆರೆಯ ಸೋದರಿ ಹೇಳಿದ್ದರಲ್ಲಿ ನಾನು ಬಿಟ್ಟಿದ್ದ ಅರ್ಧ ಭಾಗವಿದೆ. ಕೊಂಡ ಬೆಲೆಗೆ ಕಟ್ಟುಬಿದ್ದವರು ಕಂಪನಿ ಹದಗೆಡುತ್ತಿರುವಾಗ ಮಾರುವುದಿಲ್ಲ, ಸುಧಾರಿಸಿಕೊಂಡಾಗ ಮಾರಿಬಿಡುತ್ತಾರೆ.

ಹಳೆಯ ಬೆಲೆಯಲ್ಲಿ ಇನ್ನೊಂದು ಮೋಸವಿದೆ, ಅದಕ್ಕೆ ಎಲ್ಲರಿಗೂ ತಿಳಿದ ಉದಾಹರಣೆ ಯೆಸ್ ಬ್ಯಾಂಕ್. 2018ರ ಆಗಸ್ಟ್‌ನಲ್ಲಿ ಅದರ ಷೇರು 400ರ ಹತ್ತಿರವಿತ್ತು. 2020ರ ಮಾರ್ಚ್ 5ರಂದು ರಿಸರ್ವ್ ಬ್ಯಾಂಕ್ ಅದರ ಮೇಲೆ ನಿರ್ಬಂಧ ಹೇರಿತು, ಬಳಿಕ ಸ್ಟೇಟ್ ಬ್ಯಾಂಕ್ ಮುಂದಾಳತ್ವದಲ್ಲಿ ಹಲವು ಬ್ಯಾಂಕುಗಳು ಷೇರಿಗೆ 10 ರೂಪಾಯಿಯಂತೆ ಬಂಡವಾಳ ಹಾಕಿದವು, ಅದೇ ಜುಲೈನಲ್ಲಿ ಸಾರ್ವಜನಿಕರಿಗೆ 12 ರೂಪಾಯಿಗೆ ಹೊಸ ಷೇರುಗಳನ್ನು ಮಾರಲಾಯಿತು. ಬಿಕ್ಕಟ್ಟಿನ ಮುಂಚೆ ಸುಮಾರು 255 ಕೋಟಿ ಇದ್ದ ಷೇರುಗಳು ಆ ಹೊತ್ತಿಗೆ 2,500 ಕೋಟಿ ದಾಟಿದ್ದವು. ಬ್ಯಾಂಕ್ ಉಳಿಯಿತು, ಲಾಭಕ್ಕೂ ಮರಳಿತು. ಆದರೆ 400 ರೂಪಾಯಿ ಮತ್ತೆ ಬರಬೇಕಾದರೆ ಇಡೀ ಬ್ಯಾಂಕಿನ ಬೆಲೆ ಮೊದಲಿನಷ್ಟಾದರೆ ಸಾಲದು, ಅದರ ಹತ್ತು ಪಟ್ಟು, ಅಂದರೆ 10 ಲಕ್ಷ ಕೋಟಿ ರೂಪಾಯಿ ಆಗಬೇಕು. ಕಂಪನಿ ಚೇತರಿಸಿಕೊಳ್ಳುವುದು ಬೇರೆ, ನಿಮ್ಮ ಬೆಲೆ ಚೇತರಿಸಿಕೊಳ್ಳುವುದು ಬೇರೆ. ಅಂದು 100 ಅಥವಾ ಅದಕ್ಕಿಂತ ಹೆಚ್ಚು ಷೇರು ಇದ್ದವರ ಷೇರುಗಳಲ್ಲಿ ಮುಕ್ಕಾಲು ಪಾಲನ್ನು ಮೂರು ವರ್ಷ ಮಾರದಂತೆ ಕಟ್ಟಿಹಾಕಲಾಗಿತ್ತು ಎಂಬುದನ್ನೂ ನೆನಪಿಡಿ. ಕೊನೆಗೊಮ್ಮೆ ಮಾರಿದರಾಯಿತು ಎಂದು ಕಾದವರಿಗೆ ಆ ಕೊನೆಯ ಅವಕಾಶವೂ ಪೂರ್ತಿ ಸಿಗಲಿಲ್ಲ.

ಆದ್ದರಿಂದ ಮೇಡಂ, ನಿಮ್ಮ ಕಂಪನಿಯ 2021ರ ಮತ್ತು ಈಗಿನ ವಾರ್ಷಿಕ ವರದಿ ತೆಗೆದು ಒಟ್ಟು ಷೇರುಗಳ ಸಂಖ್ಯೆ, ಪ್ರತಿ ಷೇರಿನ ಗಳಿಕೆ, ಇವೆರಡನ್ನು ಮಾತ್ರ ನೋಡಿ ಬರೆಯಿರಿ. ಈ ವರ್ಷ ಬೇರೆ ಷೇರು ಮಾರಿ ಲಾಭ ಮಾಡಿದ್ದರೆ ಅದನ್ನೂ ತಿಳಿಸಿ.

ತುಮಕೂರಿನ ಶಿಕ್ಷಕಿ:
ನೋಡಿದೆ. ಷೇರುಗಳ ಸಂಖ್ಯೆ ಬದಲಾಗಿಲ್ಲ. ಪ್ರತಿ ಷೇರಿನ ಗಳಿಕೆ ಆಗ 12 ರೂಪಾಯಿ ಇತ್ತು, ಈಗ 7. ಚೀನಾದ ಮಾಲು ಅಗ್ಗವಾಗಿ ಬರುತ್ತಿರುವುದರಿಂದ ಲಾಭ ಕುಗ್ಗಿದೆ ಎಂದು ವರದಿಯಲ್ಲಿ ಬರೆದಿದ್ದಾರೆ. ಮೂರು ವರ್ಷಗಳಿಂದಲೂ ಅದೇ ವಾಕ್ಯವಿದೆ. ಈ ಆರ್ಥಿಕ ವರ್ಷದಲ್ಲಿ ಹಳೆಯದೊಂದು ಷೇರನ್ನು ಮಾರಿದ್ದರಿಂದ 1,80,000 ರೂಪಾಯಿ ದೀರ್ಘಾವಧಿ ಲಾಭ ಬಂದಿದೆ.

ಮೈಸೂರಿನ ಲೆಕ್ಕಪರಿಶೋಧಕರು:
ನೀವು ಕೊಂಡಾಗ ಗಳಿಕೆಯ 40 ಪಟ್ಟು ಕೊಟ್ಟಿದ್ದಿರಿ. ಇಂದು ಷೇರು ಗಳಿಕೆಯ 27 ಪಟ್ಟಿಗೆ ಸಿಗುತ್ತಿದೆ, ಅದೇನೂ ಅಗ್ಗವಲ್ಲ. 7 ರೂಪಾಯಿ ಗಳಿಕೆಗೆ 480 ಬರಬೇಕಾದರೆ ಯಾರಾದರೂ ಸುಮಾರು 69 ಪಟ್ಟು ಕೊಡಲು ಮುಂದಾಗಬೇಕು. ಗಳಿಕೆ 12ಕ್ಕೆ ಮರಳಿದರೂ ಹಳೆಯ ಉತ್ಸಾಹವೂ ಜೊತೆಗೆ ಮರಳಿದರೆ ಮಾತ್ರ 480. ಒಂದು ನಂಬಿಕೆ ಸಾಲದು, ಎರಡು ಬೇಕು.

ತೆರಿಗೆಯ ವಿಷಯದಲ್ಲಿ ಅವಸರ ಬೇಡ, ಏಕೆಂದರೆ ಇಲ್ಲಿ ಹಲವರು ಎಡವುತ್ತಾರೆ. ದೀರ್ಘಾವಧಿ ಲಾಭದಲ್ಲಿ 1,25,000ದವರೆಗೆ ತೆರಿಗೆ ಇಲ್ಲ, ಉಳಿದ 55,000ಕ್ಕೆ ಶೇಕಡಾ 12.5ರಂತೆ 6,875 ರೂಪಾಯಿ ಮತ್ತು ಸೆಸ್ ಬರುತ್ತದೆ. ಆದರೆ ನಷ್ಟವನ್ನು ಮೊದಲು ಇಡೀ ಲಾಭದಿಂದ ಕಳೆಯುತ್ತಾರೆ, ವಿನಾಯಿತಿಯನ್ನು ಆಮೇಲೆ ಕೊಡುತ್ತಾರೆ. ನೀವು 400 ಷೇರುಗಳನ್ನೂ ಈಗಲೇ ಮಾರಿ 1,16,000 ನಷ್ಟ ತೋರಿಸಿದರೆ ಲಾಭ 64,000ಕ್ಕೆ ಇಳಿಯುತ್ತದೆ. ಹೇಗೂ ತೆರಿಗೆ ಇಲ್ಲದಿದ್ದ ಭಾಗಕ್ಕೆ ಅರ್ಧ ನಷ್ಟ ವ್ಯರ್ಥವಾಗಿ ಖರ್ಚಾಗುತ್ತದೆ. 200 ಷೇರು ಮಾತ್ರ ಮಾರಿದರೆ ನಷ್ಟ 58,000, ಲಾಭ 1,22,000, ತೆರಿಗೆ ಸೊನ್ನೆ. ಉಳಿದ 200ನ್ನು ಏಪ್ರಿಲ್‌ನಲ್ಲಿ ಮಾರಿದರೆ ಆ ನಷ್ಟ ಮುಂದಿನ ವರ್ಷದ ಲೆಕ್ಕಕ್ಕೆ ಸಿಗುತ್ತದೆ. ರಿಟರ್ನ್ಸನ್ನು ಗಡುವಿನೊಳಗೆ ಸಲ್ಲಿಸಿದರೆ ಎಂಟು ವರ್ಷ ಮುಂದಕ್ಕೊಯ್ಯಬಹುದು. ಸಂಬಳದಿಂದ ಕಳೆಯಲಾಗದು.

ಈ ಉಳಿತಾಯವನ್ನೂ ದೊಡ್ಡದು ಮಾಡಬೇಡಿ. ಉಳಿದ 200 ಷೇರುಗಳ ನಷ್ಟದಿಂದ ನಿಮಗೆ ಉಳಿಯುವುದು ಸೆಸ್ ಬಿಟ್ಟು ಹೆಚ್ಚೆಂದರೆ 7,250 ರೂಪಾಯಿ, ಷೇರಿಗೆ 36. ಅಷ್ಟರೊಳಗೆ ಬೆಲೆ ಅದಕ್ಕಿಂತ ಹೆಚ್ಚು ಕುಸಿದರೆ ತೆರಿಗೆ ಉಳಿಸಿದ ಸಂತೋಷ ಹೋಯಿತು.

ಹುಬ್ಬಳ್ಳಿಯ ಹಾರ್ಡ್‌ವೇರ್ ವ್ಯಾಪಾರಿ:
ಮಾರಿದ ಮರುದಿನವೇ ಬೆಲೆ ಏರಿದರೆ ಏನು ಮಾಡುವುದು? ನನಗೆ ಹೀಗೆ ಎರಡು ಸಲ ಆಗಿದೆ.

ಮೈಸೂರಿನ ಲೆಕ್ಕಪರಿಶೋಧಕರು:
ಆಗುತ್ತದೆ. ನಮ್ಮ ದೇಶದಲ್ಲಿ ನಷ್ಟಕ್ಕೆ ಮಾರಿದ ಷೇರನ್ನು ಮತ್ತೆ ಕೊಳ್ಳಬಾರದೆಂಬ ಕಾಯಿದೆ ಏನೂ ಇಲ್ಲ. ಅದೇ ದಿನ ಅದೇ ಖಾತೆಯಲ್ಲಿ ಕೊಂಡರೆ ಎರಡೂ ಒಂದಕ್ಕೊಂದು ವಜಾ ಆಗುತ್ತವೆ, ಆದ್ದರಿಂದ ಮುಂದಿನ ವಹಿವಾಟಿನ ದಿನ ಕೊಳ್ಳಬೇಕು. ಆ ಬೆಳಿಗ್ಗೆ ಹಣ ಕೈಯಲ್ಲಿದ್ದೂ ಕೊಳ್ಳಲು ಮನಸ್ಸು ಬರದಿದ್ದರೆ ಇಷ್ಟು ವರ್ಷ ಷೇರನ್ನು ಹಿಡಿದಿಟ್ಟದ್ದು ಕಂಪನಿಯ ಮೇಲಿನ ನಂಬಿಕೆಯಲ್ಲ ಎಂದು ಗೊತ್ತಾಗುತ್ತದೆ. ನನ್ನ ಕಕ್ಷಿದಾರರಲ್ಲಿ ಹೀಗೆ ಮಾರಿದವರು ಮರಳಿ ಕೊಂಡದ್ದು ಬಹಳ ಅಪರೂಪ.

ಹುಬ್ಬಳ್ಳಿಯ ಹಾರ್ಡ್‌ವೇರ್ ವ್ಯಾಪಾರಿ:
ನಾನಂತೂ ಒಪ್ಪುವುದಿಲ್ಲ. ರಾಸಾಯನಿಕ ವ್ಯಾಪಾರದಲ್ಲಿ ಏರಿಳಿತ ಇದ್ದದ್ದೇ, ಚೀನಾದವರು ಉತ್ಪಾದನೆ ಇಳಿಸಿದರೆ ಚಿತ್ರ ತಿರುಗುತ್ತದೆ.

ಮೈಸೂರಿನ ಲೆಕ್ಕಪರಿಶೋಧಕರು:
ತಿರುಗಬಹುದು. ಹಿಡಿದುಕೊಳ್ಳಲು ಅದು ನ್ಯಾಯವಾದ ಕಾರಣವೇ, ಏಕೆಂದರೆ ಅದರಲ್ಲಿ 480ರ ಮಾತಿಲ್ಲ.

ತುಮಕೂರಿನ ಶಿಕ್ಷಕಿ:
ಇಂದು 200 ಷೇರುಗಳನ್ನು 188ಕ್ಕೆ ಮಾರಿದೆ. ಗುಂಡಿ ಒತ್ತುವಾಗ ಕೈ ನಡುಗಿತು ಎಂದರೆ ಅತಿಶಯೋಕ್ತಿಯಲ್ಲ. ಉಳಿದ 200ರ ಬಗ್ಗೆ ನಿರ್ಧರಿಸಲು ಆಗಿಲ್ಲ. ಮೇ ತಿಂಗಳಲ್ಲಿ ಬರುವ ವಾರ್ಷಿಕ ಫಲಿತಾಂಶದಲ್ಲಿ ಗಳಿಕೆ 7ಕ್ಕಿಂತ ಕೆಳಗಿದ್ದರೆ ಮಾರುತ್ತೇನೆ ಎಂದು ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಸರಿಯಾಗಿ 7 ಬಂದರೆ ಏನು ಮಾಡಬೇಕೆಂದು ಬರೆದಿಲ್ಲ.